ಶೇಕಡಾ 92ರ ಹಿಂದಿನ ಏಳು ಮಕ್ಕಳು

ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಒಂದು ಗಂಟೆ ಮಾತಾಡಿದರೆ ಅದರ ಬಗ್ಗೆ ವಾರಗಟ್ಟಲೆ ಬರೆಯುತ್ತೇವೆ. ಶಾಲೆಯ ಪ್ರಾಂಶುಪಾಲರು ಪೋಷಕರ ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿದರೆ ಅದನ್ನು ಭಾಷಣವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕೇಳಿದವರು ಮನೆಗೆ ಹೋಗಿ ಆ ರಾತ್ರಿಯೇ ಏನಾದರೊಂದು ಮಾಡುವ ಭಾಷಣ ಈ ಎರಡನೆಯದು. ಮೊಬೈಲ್ ಕಿತ್ತಿಡುತ್ತಾರೆ, ಟ್ಯೂಷನ್ ಹುಡುಕುತ್ತಾರೆ, ಹುಡುಗನಿಗೆ ಎರಡು ಬಿಡುತ್ತಾರೆ. ಅಷ್ಟು ಪರಿಣಾಮ ಇರುವ ಮಾತನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಬೇಕು ಅನ್ನಿಸಿದ್ದು ನಮ್ಮ ತಾಲೂಕು ಕೇಂದ್ರದ ಒಂದು ಖಾಸಗಿ ಶಾಲೆಯಲ್ಲಿ ದಸರಾ ರಜೆ ಮುಗಿದ ಮೇಲೆ ಕರೆದಿದ್ದ ಹತ್ತನೇ ತರಗತಿಯ ಪೋಷಕರ ಸಭೆಯಲ್ಲಿ. ಮಲೆನಾಡಿನ ಊರು, ರಾಜ್ಯ ಪಠ್ಯಕ್ರಮದ ಶಾಲೆ. ಎ, ಬಿ ಎಂದು ಎರಡು ವಿಭಾಗ, ಒಂದೊಂದರಲ್ಲಿ ಐವತ್ತು ಮಕ್ಕಳು.

ಪ್ರಾಂಶುಪಾಲರು ಚೆನ್ನಾಗಿ ಮಾತಾಡುವವರು. ಕಾಗದ ನೋಡಿ ಓದಲಿಲ್ಲ, ಗದರಲಿಲ್ಲ, ಪ್ರೊಜೆಕ್ಟರ್ ಕೈಕೊಟ್ಟಾಗ ಪರದಾಡಲಿಲ್ಲ. ಹಿಂದಿನ ಬೆಂಚಿಗೂ ಕೇಳುವ ದನಿ. ಒಂದೊಂದು ಗ್ರಾಫ್ ಬಂದಾಗಲೂ ಅಡ್ಡ ಗೆರೆ ಏನು, ನಿಲುವಿನ ಗೆರೆ ಏನು ಎಂದು ಕೋಲಿನಲ್ಲಿ ತೋರಿಸಿಯೇ ಮುಂದಕ್ಕೆ ಹೋದರು. ಇಷ್ಟು ಮಾಡುವವರೂ ಅಪರೂಪ. ಆದ್ದರಿಂದ ನನ್ನ ತಕರಾರು ಅವರ ಮಾತಿನ ಕಲೆಯ ಮೇಲಿಲ್ಲ. ಗ್ರಾಫ್ ಹೇಳದ ಮಾತನ್ನು ಗ್ರಾಫಿನ ಹೆಸರಿನಲ್ಲಿ ಹೇಳಿದ್ದರ ಮೇಲಿದೆ. ಅದಕ್ಕಿಂತ ಹೆಚ್ಚಾಗಿ, ಗ್ರಾಫ್ ಕೂಗಿ ಹೇಳುತ್ತಿದ್ದ ಮಾತನ್ನು ದಾಟಿಕೊಂಡು ಹೋದದ್ದರ ಮೇಲಿದೆ.

ಮೊದಲು ಬಂದದ್ದು ಹಾಜರಾತಿ. ಜೂನ್ 95, ಜುಲೈ 86, ಆಗಸ್ಟ್ 93, ಸೆಪ್ಟೆಂಬರ್ 94. ನಾಲ್ಕು ತಿಂಗಳ ಸರಾಸರಿ ಶೇಕಡಾ 92. "ತುಂಬ ಸಮಾಧಾನಕರ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಮಂಡಳಿ ಕೇಳುವುದು 75. ಅದಕ್ಕಿಂತ ಕೆಳಗೆ ಇರುವವರು ಎ ವಿಭಾಗದಲ್ಲಿ ಇಬ್ಬರೇ," ಎಂದರು. ಮುಂದಿನ ಚಿತ್ರದಲ್ಲಿ ಆ ಇಬ್ಬರ ಹೆಸರು ಕೆಂಪು ಅಕ್ಷರದಲ್ಲಿ ಬಂತು. ಒಬ್ಬನ ತಾಯಿ ನನ್ನ ಮುಂದಿನ ಸಾಲಿನಲ್ಲೇ ಕೂತಿದ್ದರು. ಹೆಸರು ತೋರಿಸಿದ್ದರಿಂದ ಸಭೆಗೆ ಏನು ತಿಳಿಯಿತು? ಏನೂ ಇಲ್ಲ. ಆ ತಾಯಿಗೆ ತಿಳಿಯದೇ ಇದ್ದದ್ದು ಏನಾದರೂ ತಿಳಿಯಿತೇ? ಅದೂ ಇಲ್ಲ. ಮುಂದಿನ ಸಭೆಗೆ ಅವರು ಬರುವುದಿಲ್ಲ, ಅಷ್ಟೇ ಆದದ್ದು. ಹೆಸರು ಹಿಡಿದು ಆಡಬೇಕಾದ ಮಾತಿಗೆ ಪ್ರಾಂಶುಪಾಲರ ಕೊಠಡಿ ಇದೆ, ಎರಡು ಕುರ್ಚಿ ಇವೆ.

ಈಗ ಆ 92ರ ವಿಷಯ. ಸರಾಸರಿ ಹಾಜರಾತಿ ಎಂಬುದು ಶಾಲೆಯ ಬೆಂಚು ಎಷ್ಟು ತುಂಬಿತ್ತು ಎಂದು ಹೇಳುತ್ತದೆ. ಯಾವ ಮಗು ಎಷ್ಟು ದಿನ ಕಳೆದುಕೊಂಡಿತು ಎಂದು ಹೇಳುವುದಿಲ್ಲ. ಐವತ್ತು ಮಕ್ಕಳೂ ತಲಾ 92 ಬಂದರೂ ಸರಾಸರಿ 92. ನಲವತ್ತಮೂರು ಮಕ್ಕಳು 95ರಂತೆ ಬಂದು ಏಳು ಮಕ್ಕಳು 72ರಂತೆ ಬಂದರೂ ಸರಾಸರಿ ಹತ್ತಿರ ಹತ್ತಿರ ಅದೇ 92. ಮೊದಲನೆಯದಕ್ಕೆ ಶಾಲೆ ಏನೂ ಮಾಡಬೇಕಿಲ್ಲ. ಎರಡನೆಯದಕ್ಕೆ ನಾಳೆ ಬೆಳಿಗ್ಗೆಯೇ ಏಳು ಮನೆಗೆ ಹೋಗಬೇಕು. ಅಮೆರಿಕದಲ್ಲಿ ಹೆಡಿ ಚಾಂಗ್ ಮತ್ತು ಮಾರಿಯಾಹೋಸೆ ರೊಮೆರೊ 2008ರಲ್ಲಿ ಬರೆದ ಒಂದು ವರದಿ ಇದೇ ಮಾತನ್ನು ಎತ್ತಿತು: ಶಾಲೆಯ ದಿನದ ಸರಾಸರಿ ಚೆನ್ನಾಗಿದ್ದಾಗಲೂ ಅದರ ಅಡಿಯಲ್ಲಿ ಪದೇ ಪದೇ ತಪ್ಪಿಸಿಕೊಳ್ಳುವ ಮಕ್ಕಳ ಗುಂಪೊಂದು ಅಡಗಿರಬಹುದು. ಅಲ್ಲಿ ಆಮೇಲೆ ಬಳಕೆಗೆ ಬಂದ ಅಳತೆ ಸರಳವಾಗಿದೆ. ಹತ್ತಕ್ಕೆ ಒಂದು ದಿನ ತಪ್ಪಿಸಿದ ಮಗುವನ್ನು ಎಣಿಸು. ಕಾರಣ ಕಾಯಿಲೆಯೋ ಸೋಮಾರಿತನವೋ ಎಂದು ಮೊದಲೇ ವಿಂಗಡಿಸಲು ಹೋಗಬೇಡ.

ಎ ವಿಭಾಗದಲ್ಲಿ ಇದ್ದದ್ದು ಎರಡನೆಯ ಬಗೆಯೇ ಎಂದು ನನಗೆ ಗೊತ್ತಾದದ್ದು ಹೇಗೆಂದರೆ, ಪ್ರಾಂಶುಪಾಲರೇ ಇನ್ನೊಂದು ಗ್ರಾಫಿನಲ್ಲಿ ಅದನ್ನು ತೋರಿಸಿದರು. ಒಂದೊಂದು ಮಗುವಿಗೆ ಒಂದೊಂದು ಚುಕ್ಕಿ ಇಟ್ಟ ಗ್ರಾಫ್ ಅದು. ಅಡ್ಡಕ್ಕೆ ಹಾಜರಾತಿ, ನಿಲುವಿಗೆ ಅಂಕ. ಬಲಗಡೆ ಚುಕ್ಕಿಗಳೆಲ್ಲ ಒತ್ತೊತ್ತಾಗಿ ಗುಂಪುಗೂಡಿದ್ದವು. ಎಡಗಡೆ ದೂರದಲ್ಲಿ ಏಳೇ ಏಳು ಬಿಡಿ ಚುಕ್ಕಿ. ಇಬ್ಬರು ಅರವತ್ತಕ್ಕಿಂತ ಕೆಳಗೆ, ಉಳಿದ ಐವರು 76ರಿಂದ 80ರ ನಡುವೆ. ಆ ಐವರ ಹೆಸರು ಕೆಂಪಾಗಲಿಲ್ಲ, ಏಕೆಂದರೆ ಅವರು 75 ದಾಟಿದ್ದಾರೆ. ಹೆಸರು ಪರದೆಯ ಮೇಲೆ ಬರಲಿಲ್ಲವಲ್ಲ ಎಂದು ಅವರ ಮನೆಯವರು ನೆಮ್ಮದಿಪಟ್ಟಿರಬೇಕು. ಆದರೆ ಮೊದಲ ಅವಧಿಯ ಸುಮಾರು ತೊಂಬತ್ತು ದಿನಗಳಲ್ಲಿ 78 ಎಂದರೆ ಇಪ್ಪತ್ತು ದಿನ ಮಗು ಶಾಲೆಯಲ್ಲಿ ಇರಲಿಲ್ಲ ಎಂದರ್ಥ. 75 ಎಂಬುದು ಪರೀಕ್ಷೆಗೆ ಕೂರಿಸಬಹುದೇ ಎಂದು ಮಂಡಳಿ ನೋಡುವ ಗಡಿ. ಇಷ್ಟು ಬಂದರೆ ಪಾಠ ತಲೆಗೆ ಹತ್ತುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ. ಆಡಳಿತದ ಗಡಿಯನ್ನು ಕಲಿಕೆಯ ಗಡಿ ಎಂಬಂತೆ ಪೋಷಕರ ಮುಂದೆ ಇಡುವುದು ಈ ಬಗೆಯ ಭಾಷಣಗಳಲ್ಲೆಲ್ಲ ಕಾಣುವ ದೋಷ. ಇಲ್ಲಿ ಅದರ ಬೆಲೆ ತೆತ್ತವರು ಆ ಐದು ಮಕ್ಕಳು.

ಜುಲೈಯ 86 ಕೂಡ ಹೀಗೇ ಕೈತಪ್ಪಿತು. "ಮಳೆಗಾಲ, ಸಹಜ," ಎಂದು ಒಂದೇ ಉಸಿರಿನಲ್ಲಿ ದಾಟಿದರು. ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಆ 86ರಲ್ಲಿ ಇರುವುದು ರಜೆ ಇಲ್ಲದ ದಿನದ ಗೈರು. ಪೇಟೆಯಲ್ಲಿ ಬರೀ ಜಿಟಿಜಿಟಿ ಮಳೆಯಾಗಿ, ಹಳ್ಳದಾಚೆಯ ಹಳ್ಳಿಯಲ್ಲಿ ಕಾಲುಸಂಕದ ಮೇಲೆ ನೀರು ಹತ್ತಿದ ದಿನಗಳು ಅವು. ಆ ಕೆಲವು ವಾರಗಳಲ್ಲಿ ಗಣಿತದಲ್ಲಿ ಯಾವ ಪಾಠ ನಡೆಯಿತು ಎಂದು ಹೇಳಿದ್ದರೆ ಅದು ಸಭೆಗೆ ಬಹಳ ಉಪಯೋಗದ ಮಾತಾಗುತ್ತಿತ್ತು. ಸಮಾಂತರ ಶ್ರೇಢಿ ಆಗ ನಡೆದಿದ್ದರೆ, ಹಳ್ಳದಾಚೆಯ ಮಕ್ಕಳಿಗೆ ಅದನ್ನು ಮತ್ತೆ ಯಾವಾಗ ಹೇಳಿಕೊಡುತ್ತೀರಿ ಎಂದು ಯಾರಾದರೂ ಕೇಳುತ್ತಿದ್ದರು. ಗೈರಾದ ದಿನಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಆ ದಿನ ಯಾವ ಪಾಠ ತಪ್ಪಿತು ಎಂಬುದು.

ಅಂಕಗಳಿಗೆ ಬಂದಾಗ ಸಭೆ ನೆಟ್ಟಗಾಗಿ ಕೂತಿತು. ಗಣಿತದ ಎರಡು ಕಂಬಗಳು ಪಕ್ಕಪಕ್ಕದಲ್ಲಿ: ಎರಡನೇ ರೂಪಣಾತ್ಮಕ ಮೌಲ್ಯಮಾಪನದಲ್ಲಿ ತರಗತಿಯ ಸರಾಸರಿ ಶೇಕಡಾ 72, ಅರ್ಧವಾರ್ಷಿಕದಲ್ಲಿ ಶೇಕಡಾ 43. ಎತ್ತರದ ಕಂಬದ ಪಕ್ಕ ಮುರಿದ ಕಂಬ. "ಏನಾಯ್ತು ಈ ಒಂದು ತಿಂಗಳಲ್ಲಿ? ಗಣೇಶನ ಹಬ್ಬ, ಆರ್ಕೆಸ್ಟ್ರಾ, ಕೈಯಲ್ಲಿ ಮೊಬೈಲ್. ಪೋಷಕರೇ, ದಯವಿಟ್ಟು ಗಮನ ಕೊಡಿ." ತಂದೆಯರು ತಲೆಯಾಡಿಸಿದರು. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಷಣದಲ್ಲಿ ಅತಿ ಹೆಚ್ಚು ನಾಟಿದ ಭಾಗ ಇದೇ. ಅತಿ ಹೆಚ್ಚು ತಪ್ಪಿದ್ದ ಭಾಗವೂ ಇದೇ.

ಅಂಕಪಟ್ಟಿ ಕೈಗೆ ಬಂದ ಮೇಲೆ ಬಿಡಿಸಿ ನೋಡಿದೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಈ ಶಾಲೆಯಲ್ಲಿ ಐವತ್ತು ಅಂಕ. ಅದರಲ್ಲಿ 30 ಚಟುವಟಿಕೆಗೆ: ಚಾರ್ಟ್ ಬರೆಯುವುದು, ಮಾದರಿ ಮಾಡುವುದು, ಮನೆಯಿಂದ ಬರೆದು ತರುವುದು. ಉಳಿದ 20 ಮಾತ್ರ ತರಗತಿಯಲ್ಲಿ ಕೂತು ಬರೆಯುವ ಕಿರುಪರೀಕ್ಷೆಗೆ. ಚಟುವಟಿಕೆಯಲ್ಲಿ ಯಾರಿಗೂ ಕಡಿಮೆ ಬೀಳುವುದಿಲ್ಲ, ತಂದುಕೊಟ್ಟರೆ ಸಾಕು. ಗಣಿತದ ಮೇಷ್ಟ್ರನ್ನು ಕೇಳಿದಾಗ ತರಗತಿಯ ಸರಾಸರಿ ಹೇಳಿದರು: ಚಟುವಟಿಕೆಯಲ್ಲಿ 30ಕ್ಕೆ 27, ಕಿರುಪರೀಕ್ಷೆಯಲ್ಲಿ 20ಕ್ಕೆ 9. ಕೂಡಿದರೆ ಐವತ್ತಕ್ಕೆ 36, ಅಂದರೆ ಶೇಕಡಾ 72. ಅಲ್ಲಿಗೆ ಎತ್ತರದ ಕಂಬ ಎಲ್ಲಿಂದ ಬಂತು ಎಂದು ತಿಳಿಯಿತು. ಚಟುವಟಿಕೆಯನ್ನು ಬದಿಗಿಟ್ಟರೆ ಉಳಿಯುವುದು 20ಕ್ಕೆ 9, ಶೇಕಡಾ 45. ಅರ್ಧವಾರ್ಷಿಕ ಪರೀಕ್ಷೆ ಎಂಬತ್ತು ಅಂಕದ ಪೂರ್ತಿ ಲಿಖಿತ ಪರೀಕ್ಷೆ. ಅದರಲ್ಲಿ ತರಗತಿ ಪಡೆದದ್ದು ಶೇಕಡಾ 43. ನಲವತ್ತೈದರಿಂದ ನಲವತ್ಮೂರು. ಅದೂ ಎರಡು ಪಾಠದ ಕಿರುಪರೀಕ್ಷೆಯಿಂದ ಅರ್ಧ ವರ್ಷದ ಪಾಠದ ಪರೀಕ್ಷೆಗೆ.

ಮಕ್ಕಳು ಬೀಳಲೇ ಇಲ್ಲ. ಆಗಸ್ಟಿನಲ್ಲಿ ಎಲ್ಲಿದ್ದರೋ ಸೆಪ್ಟೆಂಬರಿನಲ್ಲೂ ಅಲ್ಲೇ ಇದ್ದರು. ನಿಜವಾಗಿ ಹೆದರಬೇಕಾದದ್ದು ಅದಕ್ಕೇ. ತೊಂದರೆ ಗಣೇಶನ ಹಬ್ಬದಲ್ಲಿ ಶುರುವಾಗಿದ್ದಲ್ಲ. ಜುಲೈ, ಆಗಸ್ಟಿನಲ್ಲೇ ಇತ್ತು. 27 ಅಂಕದ ಚಾರ್ಟು ಮಾದರಿಗಳು ಅದನ್ನು ಮುಚ್ಚಿದ್ದವು. ಪ್ರಾಂಶುಪಾಲರು ಎರಡು ಕಂಬದ ಬದಲು ಮೂರು ಕಂಬ ಹಾಕಿಸಿದ್ದರೆ, ಅಂದರೆ ಚಟುವಟಿಕೆ ಬೇರೆ, ಕಿರುಪರೀಕ್ಷೆ ಬೇರೆ, ಅರ್ಧವಾರ್ಷಿಕ ಬೇರೆ ಎಂದು ತೋರಿಸಿದ್ದರೆ, ಅದೇ ಅಂಕಿಗಳು ಬೇರೆಯೇ ಕತೆ ಹೇಳುತ್ತಿದ್ದವು. ಆಗ ಪ್ರಶ್ನೆ ಪೋಷಕರ ಕಡೆಯಿಂದ ಶಾಲೆಯ ಕಡೆಗೆ ತಿರುಗುತ್ತಿತ್ತು: ಆಗಸ್ಟಿನಲ್ಲೇ 20ಕ್ಕೆ 9 ಬಂದಾಗ ನೀವೇನು ಮಾಡಿದಿರಿ? ಬೇಕೆಂದೇ ಇದನ್ನು ತಪ್ಪಿಸಿದರು ಎಂದು ನಾನು ಹೇಳುವುದಿಲ್ಲ. ಕಚೇರಿಗೆ ಕಳಿಸುವ ನಮೂನೆಯಲ್ಲಿ ಒಟ್ಟು ಅಂಕದ ಕಾಲಂ ಇರುತ್ತದೆ, ಗುಮಾಸ್ತರು ಅದನ್ನೇ ಗ್ರಾಫ್ ಮಾಡಿಕೊಟ್ಟಿರುತ್ತಾರೆ. ಆದರೆ ಕೋಲು ಹಿಡಿದು ನಿಂತವರು ಕಂಬದೊಳಗೆ ಏನಿದೆ ಎಂದು ತಿಳಿದಿರಬೇಕಿತ್ತು.

ಬೇರೆ ಬೇರೆ ಸ್ಥಿತಿಯಲ್ಲಿ ಅಳೆದದ್ದನ್ನು ಒಂದೇ ಗೆರೆಯ ಮೇಲೆ ಇಡುವ ಅಪಾಯ ರಾಜ್ಯಕ್ಕೇ ಒಮ್ಮೆ ತಿಳಿದಿದೆ. 2023ರಲ್ಲಿ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ 2024ರ ಮೊದಲ ಪರೀಕ್ಷೆಯಲ್ಲಿ 73.40ಕ್ಕೆ ಬಂತು, ಕೃಪಾಂಕ ಹೆಚ್ಚಿಸಿದ ಮೇಲೂ. ಆ ವರ್ಷ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಕಣ್ಣಿತ್ತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರು ಎಂದು ಯಾರೂ ನಂಬಲಿಲ್ಲ.

ವಿಭಾಗಗಳ ಹೋಲಿಕೆಯ ಗ್ರಾಫಿಗೆ ಹೆಚ್ಚು ಹೊತ್ತು ಬೇಡ. ಎಲ್ಲ ವಿಷಯ ಸೇರಿ ಎ ವಿಭಾಗಕ್ಕೆ 68, ಬಿ ವಿಭಾಗಕ್ಕೆ 64. ನಿಲುವಿನ ಗೆರೆ 60ರಿಂದ ಶುರುವಾಗಿದ್ದರಿಂದ ಎ ಕಂಬ ಬಿ ಕಂಬದ ಎರಡರಷ್ಟು ಎತ್ತರ ಕಂಡಿತು. ಡ್ಯಾರೆಲ್ ಹಫ್ 1954ರ ತಮ್ಮ ಪುಸ್ತಕದಲ್ಲಿ ಬಯಲಿಗೆ ಎಳೆದ ಹಳೆಯ ಮರುಳು ಇದು. ಕಂಬದ ಗ್ರಾಫ್ ಸೊನ್ನೆಯಿಂದ ಶುರುವಾಗಬೇಕು, ಏಕೆಂದರೆ ಕಣ್ಣು ನೋಡುವುದು ಕಂಬದ ಉದ್ದವನ್ನು. ಇದಕ್ಕಿಂತ ಕುತೂಹಲದ ಸಂಗತಿ ಆ ಅಂಕಿಯ ಒಳಗಿತ್ತು. ಬಿ ವಿಭಾಗದಲ್ಲಿ ಇಬ್ಬರು ಮಕ್ಕಳು ಕಾಯಿಲೆಯಿಂದ ಅರ್ಧವಾರ್ಷಿಕ ಬರೆದೇ ಇಲ್ಲ. ಆ ವಿಭಾಗದ ಶಿಕ್ಷಕರು ಎಕ್ಸೆಲ್ ಹಾಳೆಯಲ್ಲಿ ಅವರಿಗೆ 0 ಎಂದು ತುಂಬಿದ್ದಾರೆ. ಎ ವಿಭಾಗದವರು ಗೈರಾದವರಿಗೆ AB ಎಂದು ಬರೆಯುತ್ತಾರೆ. AVERAGE ಎಂಬ ಸೂತ್ರ ಅಕ್ಷರವಿರುವ ಕೋಶವನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಸೇರಿಸಿ ಹಾಕುತ್ತದೆ. ಐವತ್ತು ಮಕ್ಕಳಿಗೆ 64ರಂತೆ ಒಟ್ಟು 3,200. ಅದನ್ನು ಬರೆದ 48 ಮಕ್ಕಳಿಗೆ ಹಂಚಿದರೆ 66.7. ನಾಲ್ಕು ಅಂಕದ ಅಂತರ ಒಂದು ಚಿಲ್ಲರೆಗೆ ಇಳಿಯಿತು. ಆದರೆ ಸಭೆ ಮುಗಿಯುವ ಹೊತ್ತಿಗೇ ಬಿ ವಿಭಾಗದ ಪೋಷಕರಲ್ಲಿ ಕೆಲವರು ವಿಭಾಗ ಬದಲಿಸಿಕೊಡಿ ಎಂದು ಅರ್ಜಿ ಬರೆಯುವ ಮಾತಾಡುತ್ತಿದ್ದರು.

ಚುಕ್ಕಿಗಳ ಗ್ರಾಫಿಗೆ ಮತ್ತೆ ಬರುತ್ತೇನೆ, ಏಕೆಂದರೆ ಭಾಷಣದ ತಿರುಳು ಅಲ್ಲಿತ್ತು. ಚುಕ್ಕಿಗಳ ನಡುವೆ ಎಡದಿಂದ ಬಲಕ್ಕೆ ಏರುವ ಒಂದು ಗೆರೆ ಎಳೆದಿದ್ದರು. "ಹಾಜರಾತಿ ಹೆಚ್ಚಿದಂತೆ ಅಂಕ ಹೆಚ್ಚುತ್ತದೆ. ಇದು ನಾನು ಹೇಳುವ ಮಾತಲ್ಲ, ಕಂಪ್ಯೂಟರ್ ಹೇಳುವ ಮಾತು." ನಾನಿದ್ದ ಜಾಗದಿಂದ ಕೈ ಅಡ್ಡ ಹಿಡಿದು ಎಡಗಡೆಯ ಆ ಏಳು ಚುಕ್ಕಿಗಳನ್ನು ಮುಚ್ಚಿ ನೋಡಿದೆ. ಉಳಿದ ನಲವತ್ಮೂರರಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಒಂದು ದಿನವೂ ತಪ್ಪಿಸದೆ ಬಂದು 40 ತೆಗೆದವರಿದ್ದಾರೆ, 91 ಹಾಜರಾತಿಯಲ್ಲಿ 88 ಅಂಕ ತೆಗೆದವರಿದ್ದಾರೆ. ಅಂದರೆ ಗೆರೆಯನ್ನು ಬಾಗಿಸಿದ್ದು ಏಳೇ ಮಕ್ಕಳು. ಆ ಗ್ರಾಫ್ ಸಭೆಯಲ್ಲಿದ್ದ ಹೆಚ್ಚಿನ ಪೋಷಕರಿಗೆ ಹೇಳುವಂಥದ್ದು ಏನೂ ಇರಲಿಲ್ಲ. ಏಳು ಮನೆಗಳ ಬಗ್ಗೆ ಮಾತ್ರ ಬಹಳ ಇತ್ತು.

ಆ ಏಳು ಮಕ್ಕಳ ಅಂಕ ಕಡಿಮೆಯಾದದ್ದು ಗೈರಿನಿಂದಲೇ ಎಂದೂ ಆ ಗೆರೆ ಹೇಳಲಾರದು. ಕಾಯಿಲೆ ಮಗುವನ್ನು ಶಾಲೆಯಿಂದಲೂ ತಪ್ಪಿಸುತ್ತದೆ, ಮನೆಯಲ್ಲಿ ಪುಸ್ತಕ ಹಿಡಿಯುವುದರಿಂದಲೂ ತಪ್ಪಿಸುತ್ತದೆ. ಅಡಿಕೆ ಕೊಯ್ಲು ಶುರುವಾದರೆ ಕೂಲಿಗೆ ಹೋಗುವ ಮನೆಗಳಲ್ಲಿ ರಾತ್ರಿ ಸುಲಿಯುವುದಕ್ಕೆ ಮಕ್ಕಳೂ ಕೂರುತ್ತಾರೆ. ಅವರು ಮರುದಿನ ಶಾಲೆಗೆ ಬಂದರೂ ಮೊದಲ ಎರಡು ಪೀರಿಯಡ್ ತೂಕಡಿಸುತ್ತಾರೆ. ಕೆಲವೊಮ್ಮೆ ಕಾರಣ ತಲೆಕೆಳಗಾಗಿಯೂ ಇರುತ್ತದೆ: ಗಣಿತ ಅರ್ಥವಾಗುವುದಿಲ್ಲ, ಬೋರ್ಡಿಗೆ ಕರೆಯುತ್ತಾರೆಂಬ ಭಯ, ಹಾಗಾಗಿ ಹೊಟ್ಟೆನೋವು. ಅಂಥ ಮಗುವನ್ನು ದಬಾಯಿಸಿ ಬೆಂಚಿಗೆ ಕೂರಿಸಿದರೆ ಹಾಜರಾತಿಯ ಕಂಬ ಏರುತ್ತದೆ, ಅಂಕದ ಕಂಬ ಅಲ್ಲೇ ಇರುತ್ತದೆ. ದಿನಾ ಶಾಲೆಗೆ ಬರುವುದು ಒಳ್ಳೆಯದೇ, ಅದಕ್ಕೆ ಗ್ರಾಫ್ ಬೇಕಿಲ್ಲ. ಗ್ರಾಫ್ ಬೇಕಿದ್ದದ್ದು ಯಾರು ಯಾವಾಗ ಏಕೆ ಬರುತ್ತಿಲ್ಲ ಎಂದು ಹುಡುಕುವುದಕ್ಕೆ. ಆ ಕೆಲಸಕ್ಕೆ ಅದನ್ನು ಬಳಸದೆ, ಅದರಿಂದ ಒಂದು ಬುದ್ಧಿಮಾತು ಹಿಂಡಿ ತೆಗೆದು ಎಲ್ಲರಿಗೂ ಹಂಚಿದರು.

ಇಷ್ಟು ಹೇಳಿದ ಮೇಲೆ ಭಾಷಣದ ಅತ್ಯುತ್ತಮ ಗ್ರಾಫ್ ಯಾವುದೆಂದು ಹೇಳದಿದ್ದರೆ ಅನ್ಯಾಯವಾದೀತು. ಅದು ವಾರದ ದಿನಗಳ ಹಾಜರಾತಿ. ಆರು ಕಂಬ, ಬಣ್ಣವಿಲ್ಲ, ಅಲಂಕಾರವಿಲ್ಲ, ಸೊನ್ನೆಯಿಂದ ಶುರು. ಸೋಮವಾರದಿಂದ ಶುಕ್ರವಾರದವರೆಗೆ 93, 94ರ ಆಸುಪಾಸು. ಶನಿವಾರ 84. ಇದನ್ನು ತರಗತಿಯ ರಿಜಿಸ್ಟರ್ ನೋಡಿ ಅವರೇ ಕೂತು ಮಾಡಿಸಿದ್ದಂತೆ, ಯಾವ ಕಚೇರಿಯೂ ಕೇಳಿದ್ದಲ್ಲ. ಅದಕ್ಕೂ ಅವರು ಮೊದಲು ಕೊಟ್ಟ ವಿವರಣೆ ಹಳೆಯದೇ: "ಶನಿವಾರ ಅಂದ್ರೆ ಮಕ್ಕಳಿಗೂ ಆಲಸ್ಯ, ಮನೆಯವರಿಗೂ ಸಡಿಲ." ಆದರೆ ಈ ಗ್ರಾಫ್ ಎಷ್ಟು ಸ್ಪಷ್ಟವಾಗಿತ್ತೆಂದರೆ, ಹಿಂದಿನ ಸಾಲಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದ ಒಬ್ಬರು ಎದ್ದು ನಿಂತರು.

"ಮೇಡಂ, ಆಲಸ್ಯ ಅಲ್ಲ. ಶನಿವಾರ ನಿಮ್ದು ಎಂಟು ಗಂಟೆಗೆ ಶುರು. ನಮ್ಮ ಕಡೆ ಮೊದ್ಲ ಬಸ್ಸೇ ಪ್ಯಾಟೆ ಮುಟ್ಟೋದು ಎಂಟೂ ಕಾಲಿಗೆ. ಇಳಿದು ನಡೆದು ಬರೋ ಹೊತ್ತಿಗೆ ಎಂಟೂವರೆ. ತಡವಾದ್ರೆ ಹೊರಗೆ ನಿಲ್ಲಿಸ್ತೀರಿ. ಹೊರಗೆ ನಿಲ್ಲೋದಕ್ಕೆ ಯಾಕೆ ಹೋಗ್ಲಿ ಅಂತ ಅದು."

ಹಿಂದಿನ ಯಾವ ಗ್ರಾಫಿಗೂ ಸಭೆಯಿಂದ ಉತ್ತರ ಬಂದಿರಲಿಲ್ಲ. ಬರುವಂತೆಯೂ ಇರಲಿಲ್ಲ. ಶೇಕಡಾ 92ಕ್ಕೋ 72ಕ್ಕೋ ಒಬ್ಬ ಅಪ್ಪ ಏನೆಂದು ಉತ್ತರ ಕೊಟ್ಟಾನು? ಶನಿವಾರಕ್ಕೆ ಕೊಡಬಲ್ಲ, ಏಕೆಂದರೆ ಶನಿವಾರ ಬೆಳಿಗ್ಗೆ ತನ್ನ ಮನೆಯಲ್ಲಿ ಏನಾಗುತ್ತದೆ ಎಂದು ಅವನಿಗೆ ಗೊತ್ತು. ಪ್ರಾಂಶುಪಾಲರ ದೊಡ್ಡತನ ಏನೆಂದರೆ ಅವರು ವಾದಕ್ಕೆ ಇಳಿಯಲಿಲ್ಲ. ಆ ಮಾರ್ಗದಿಂದ ಎಷ್ಟು ಮಕ್ಕಳು ಬರುತ್ತಾರೆ, ಕೈ ಎತ್ತಿ ಎಂದರು. ಎರಡೂ ವಿಭಾಗದಿಂದ ಹದಿನೈದಕ್ಕೂ ಹೆಚ್ಚು ಕೈ ಎದ್ದವು. ಕೋಲನ್ನು ಮೇಜಿನ ಮೇಲಿಟ್ಟು, ದೈಹಿಕ ಶಿಕ್ಷಕರನ್ನು ಕರೆದು, ಶನಿವಾರದ ಮೊದಲ ಪೀರಿಯಡ್ ಯಾವುದು ಎಂದು ಅಲ್ಲೇ ಕೇಳಿದರು. ಗಣಿತ. "ಮುಂದಿನ ವಾರದಿಂದ ಮೊದಲ ಪೀರಿಯಡ್ ಡ್ರಿಲ್, ಗಣಿತ ಮೂರನೇದಕ್ಕೆ. ಬಸ್ಸಿನ ಮಕ್ಕಳನ್ನು ಎಂಟೂವರೆ ತನಕ ಯಾರೂ ಹೊರಗೆ ನಿಲ್ಲಿಸಬಾರದು," ಎಂದರು. ಡಿಪೋ ಮ್ಯಾನೇಜರಿಗೆ ಕೊಡುವ ಮನವಿಗೆ ಅಂದೇ ಸಹಿ ಬಿತ್ತು. ಅದನ್ನು ಬರೆದುಕೊಟ್ಟದ್ದು ಶಾಲೆಯ ಗುಮಾಸ್ತರೇ, ಸಹಿ ಹಾಕಿದವರಲ್ಲಿ ಬಸ್ಸಿನ ಗೊಡವೆಯೇ ಇಲ್ಲದ ಪೇಟೆಯವರೂ ಇದ್ದರು.

ಮುಂದಿನ ಸಭೆ ಜನವರಿಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ. ಆ ಹೊತ್ತಿಗೆ ಅಡಿಕೆ ಸುಲಿಯುವ ಕೆಲಸ ಭರದಲ್ಲಿರುತ್ತದೆ, ಎಡಗಡೆಯ ಚುಕ್ಕಿಗಳು ಇನ್ನೂ ಎಡಕ್ಕೆ ಸರಿದಿರುವ ಸಾಧ್ಯತೆಯೇ ಹೆಚ್ಚು. ಸರಾಸರಿಯ ಗ್ರಾಫನ್ನೂ ವಿಭಾಗಗಳ ಹೋಲಿಕೆಯನ್ನೂ ಅವರು ಕಚೇರಿಗೇ ಕಳಿಸಿ ಬಿಡಲಿ. ವಾರದ ಗ್ರಾಫ್ ಉಳಿಸಿಕೊಳ್ಳಲಿ. ಅದರ ಪಕ್ಕದಲ್ಲಿ ಕಿರುಪರೀಕ್ಷೆಯ ಅಂಕವನ್ನಷ್ಟೇ ಇಟ್ಟು ಇನ್ನೊಂದು ಮಾಡಿಸಲಿ. ಆ ಏಳು ಮನೆಗಳಿಗೆ ಮಾತ್ರ ಸಭೆಯ ಚೀಟಿ ಕಳಿಸುವ ಮೊದಲೇ ಯಾರಾದರೂ ಒಬ್ಬ ಶಿಕ್ಷಕರು ಹೋಗಿ ಬರಲಿ.